ಬಣ್ಣಕ್ಕೆ ಸಾಕ್ಷಿ ಯಾರು?

1976ರ ಜುಲೈ 20ರಂದು ವೈಕಿಂಗ್ 1 ನೌಕೆ ಮಂಗಳ ಗ್ರಹದ ಕ್ರೈಸೆ ಬಯಲಿನಲ್ಲಿ ಇಳಿಯಿತು. ಮರುದಿನ ಅದು ತೆಗೆದ ಮೊದಲ ಬಣ್ಣದ ಚಿತ್ರ ಭೂಮಿಗೆ ಬಂತು. ಕೆಮ್ಮಣ್ಣಿನ ನೆಲ, ಅಲ್ಲಲ್ಲಿ ಚೆದುರಿ ಬಿದ್ದ ಕಲ್ಲುಗಳು, ದೂರದಲ್ಲಿ ದಿಗಂತ, ಅದರ ಮೇಲೆ ತಿಳಿನೀಲಿ ಆಕಾಶ. ನೋಡಿದವರಿಗೆ ಅದು ಅಮೆರಿಕದ ಯಾವುದೋ ಮರುಭೂಮಿಯಂತೆ ಕಂಡಿತು. ಸ್ವಲ್ಪದರಲ್ಲೇ ವಿಜ್ಞಾನಿಗಳು ಚಿತ್ರವನ್ನು ತಿದ್ದಿ ಮತ್ತೆ ಹೊರತಂದರು. ಈ ಸಲ ನೆಲ ಇನ್ನಷ್ಟು ಕೆಂಪಗಿತ್ತು, ಆಕಾಶ ನಸುಗೆಂಪಿಗೆ ತಿರುಗಿತ್ತು. ಮಂಗಳನ ಆಕಾಶ ನೀಲಿಯಲ್ಲ ಎಂದು ಹೇಳಿದಾಗ ಅಲ್ಲಿ ಸೇರಿದ್ದ ಪತ್ರಕರ್ತರು ನಗುನಗುತ್ತಲೇ 'ಬೂ' ಎಂದು ಕೂಗಿದರಂತೆ. ಕೈಗೆ ಬಂದಿದ್ದ ನೀಲಿ ಆಕಾಶವನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಈ ಪ್ರಸಂಗ ನೆನಪಾದಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಹಿಡಿದು ನಿಲ್ಲಿಸುತ್ತದೆ. ಮಂಗಳನ ಮೇಲೆ ನಿಂತು ತಲೆಯೆತ್ತಿ ನೋಡಿದ ಮನುಷ್ಯ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಾಗಿದ್ದರೆ ಎರಡು ಚಿತ್ರಗಳಲ್ಲಿ ಯಾವುದು ಸರಿ ಎಂದು ಹೇಳಿದವರು ಯಾರು? ಕೋಟಿಗಟ್ಟಲೆ ಕಿಲೋಮೀಟರ್ ದೂರದ ಒಂದು ಬಣ್ಣದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವ ಧೈರ್ಯ ಎಲ್ಲಿಂದ ಬಂತು?

ಉತ್ತರ ಆ ನೌಕೆಯ ಮೈಮೇಲೇ ಇತ್ತು. ವೈಕಿಂಗ್ ತನ್ನೊಂದಿಗೆ ಮೂರು ಪರೀಕ್ಷಾ ಫಲಕಗಳನ್ನು ಹೊತ್ತು ಹೋಗಿತ್ತು. ಅವುಗಳ ಮೇಲೆ ಬೂದು ಬಣ್ಣದ ಬೇರೆ ಬೇರೆ ಮಟ್ಟದ ಚೌಕಗಳು, ಜೊತೆಗೆ ಕೆಂಪು, ಹಸಿರು, ನೀಲಿ ಚೌಕಗಳು. ಒಂದೊಂದು ಚೌಕವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಹಿಂದಿರುಗಿಸುತ್ತದೆ ಎಂಬುದನ್ನು ಹೊರಡುವ ಮೊದಲೇ ಭೂಮಿಯಲ್ಲಿ ಅಳೆದಿಟ್ಟಿದ್ದರು. ಕ್ಯಾಮೆರಾ ಒಂದು ಪುಟ್ಟ ಕನ್ನಡಿಯನ್ನು ಮೇಲೆ ಕೆಳಗೆ ಆಡಿಸುತ್ತ ದೃಶ್ಯವನ್ನು ಗೆರೆಗೆರೆಯಾಗಿ ಓದುತ್ತಿತ್ತು. ಬೇರೆ ಬೇರೆ ಫಿಲ್ಟರಿನ ಹಿಂದಿದ್ದ ಬೆಳಕಿನ ಕೋಶಗಳು ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಅಳೆಯುತ್ತಿದ್ದವು. ಆದರೆ ಆ ಫಿಲ್ಟರುಗಳು ಪೂರ್ತಿ ಬಿಗಿಯಾಗಿರಲಿಲ್ಲ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕೂ ಒಂದಿಷ್ಟು ಒಳಗೆ ನುಸುಳಿ ಲೆಕ್ಕವನ್ನು ಕೆಡಿಸುತ್ತಿತ್ತು. ಮೊದಲ ಚಿತ್ರವನ್ನು ಅವಸರದಲ್ಲಿ ಸಿದ್ಧಮಾಡಿದಾಗ ಮೂರು ಬಣ್ಣಗಳ ಪ್ರಮಾಣ ತಪ್ಪಿತು, ಆಕಾಶ ನೀಲಿಯಾಯಿತು. ಕ್ಯಾಮೆರಾದ ಸ್ವಭಾವವನ್ನೂ ಫಲಕಗಳನ್ನೂ ಮುಂದಿಟ್ಟುಕೊಂಡು ಲೆಕ್ಕವನ್ನು ಸರಿಮಾಡಿದಾಗ ಆಕಾಶಕ್ಕೆ ತನ್ನ ಬಣ್ಣ ಬಂತು. ಮಂಗಳನ ಗಾಳಿಯಲ್ಲಿ ಸದಾ ತೇಲುವ ತುಕ್ಕಿನಂಥ ಕಬ್ಬಿಣದ ಧೂಳು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಅಲ್ಲಿನ ಹಗಲಿನ ಆಕಾಶಕ್ಕೆ ಆ ಬಣ್ಣವನ್ನು ಕೊಡುವುದು ಈ ಧೂಳೇ.

ಫೋಟೊದಲ್ಲಿ ಕಾಣುವ ಬಣ್ಣವೆಂದರೆ ಏನು ಎಂದು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಚಿತ್ರದ ಒಂದೊಂದು ಚುಕ್ಕೆಯೂ ಮೂರು ಸಂಖ್ಯೆ: ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು. ಒಂದೊಂದು ಸಂಖ್ಯೆಯ ಹಿಂದೆಯೂ ಒಂದು ಗುಣಾಕಾರವಿದೆ. ಬಿದ್ದ ಬೆಳಕಿನಲ್ಲಿ ಆ ಬಣ್ಣ ಎಷ್ಟಿತ್ತು, ವಸ್ತು ಅದರಲ್ಲಿ ಎಷ್ಟು ಪಾಲು ಹಿಂದಿರುಗಿಸಿತು, ಕ್ಯಾಮೆರಾ ಅದರಲ್ಲಿ ಎಷ್ಟನ್ನು ಒಳಗೆ ಬಿಟ್ಟಿತು. ನಮ್ಮ ಕೈಗೆ ಸಿಗುವುದು ಗುಣಲಬ್ಧ ಮಾತ್ರ. ಹನ್ನೆರಡು ಎಂದು ಬರೆದ ಚೀಟಿ ಕೊಟ್ಟು, ಯಾವ ಎರಡು ಸಂಖ್ಯೆಗಳನ್ನು ಗುಣಿಸಿದ್ದು ಎಂದು ಕೇಳಿದರೆ ಏನು ಹೇಳುವುದು? ಮೂರು ನಾಲ್ಕಲೆ ಇರಬಹುದು, ಎರಡು ಆರಲೆ ಇರಬಹುದು. ಹಳದಿ ಬೆಳಕಿನಲ್ಲಿಟ್ಟ ಬಿಳಿ ಗೋಡೆಯೂ ಬಿಳಿ ಬೆಳಕಿನಲ್ಲಿಟ್ಟ ಹಳದಿ ಗೋಡೆಯೂ ಕ್ಯಾಮೆರಾಗೆ ಒಂದೇ ಸಂಖ್ಯೆಯನ್ನು ಕೊಡಬಲ್ಲವು. ಗುಣಿಸಿದ್ದರಲ್ಲಿ ಒಂದು ಸಂಖ್ಯೆ ಮೊದಲೇ ಗೊತ್ತಿದ್ದರೆ ಇನ್ನೊಂದು ತಾನಾಗಿ ಸಿಗುತ್ತದೆ. ವೈಕಿಂಗಿನ ಫಲಕಗಳು ಮಾಡಿದ್ದು ಇದನ್ನೇ.

ಈ ಗುಣಾಕಾರವನ್ನು ಬಿಡಿಸುವ ಕೆಲಸವನ್ನು ನಮ್ಮ ಕಣ್ಣು ಮತ್ತು ಮಿದುಳು ಹುಟ್ಟಿನಿಂದ ಮಾಡುತ್ತಲೇ ಬಂದಿವೆ. ಅಂಗಳದ ಬಿಸಿಲಿನಲ್ಲಿ ಬಿಳಿಯಾಗಿ ಕಂಡ ಪಂಚೆ ಹಳೆಯ ಬಲ್ಬಿನ ಬೆಳಕಿನಲ್ಲೂ ನಮಗೆ ಬಿಳಿಯೇ. ನಿಜವಾಗಿ ಬಲ್ಬಿನ ಕೆಳಗೆ ಆ ಬಟ್ಟೆಯಿಂದ ಹೊರಡುವ ಬೆಳಕು ಕಿತ್ತಳೆಗೆ ಹತ್ತಿರ. ಆದರೆ ಇಡೀ ಕೋಣೆಯೇ ಹಾಗಿರುವುದರಿಂದ ಮಿದುಳು ಅದನ್ನು ಬೆಳಕಿನ ಲೆಕ್ಕಕ್ಕೆ ಬರೆದು, ಉಳಿದದ್ದನ್ನು ಬಟ್ಟೆಯದೆಂದು ತಿಳಿಯುತ್ತದೆ. ಎಷ್ಟು ದೊಡ್ಡ ಕೆಲಸ, ಎಷ್ಟು ಸದ್ದಿಲ್ಲದೆ ನಡೆಯುತ್ತದೆ! ಲೋಕ ನಮಗೆ ಗಳಿಗೆಗೊಂದು ಬಣ್ಣ ತಿರುಗದೆ ಸ್ಥಿರವಾಗಿ ಕಾಣುವುದು ಈ ದುಡಿಮೆಯಿಂದ.

ಕ್ಯಾಮೆರಾದಲ್ಲಿ ಇದೇ ಕೆಲಸಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತೇವೆ. ಅದು ಬೆಳಕಿನ ಬಣ್ಣವನ್ನು ಊಹಿಸಿ, ಕೆಂಪು ಮತ್ತು ನೀಲಿಯನ್ನು ತಕ್ಕಷ್ಟು ಹೆಚ್ಚು ಕಡಿಮೆ ಮಾಡಿ, ಬಿಳಿಯದನ್ನು ಬಿಳಿಯಾಗಿಸಲು ನೋಡುತ್ತದೆ. ಊಹೆಗೆ ಬಹಳ ಹಳೆಯ ಒಂದು ಉಪಾಯವಿದೆ. ಯಾವುದೇ ದೃಶ್ಯದ ಎಲ್ಲ ಬಣ್ಣಗಳನ್ನು ಕಲಸಿ ಸರಾಸರಿ ತೆಗೆದರೆ ಬೂದು ಬರುತ್ತದೆ ಎಂದುಕೊಳ್ಳುವುದು. ಸರಾಸರಿ ಹಳದಿಗೆ ವಾಲಿದ್ದರೆ ಬೆಳಕೇ ಹಳದಿಯಿರಬೇಕು ಎಂದು ಅದನ್ನು ಕಳೆಯುವುದು. ಇಂದಿನ ಫೋನುಗಳು ಇದಕ್ಕಿಂತ ಜಾಣ ಲೆಕ್ಕಗಳನ್ನು ಮಾಡುತ್ತವೆ, ಆದರೂ ಊಹೆ ಊಹೆಯೇ. ಹಸಿರು ಗದ್ದೆ ಚೌಕಟ್ಟನ್ನೆಲ್ಲ ತುಂಬಿಕೊಂಡಾಗ ಚಿತ್ರ ನೇರಳೆಗೆ ವಾಲುವುದೂ, ಕೆಂಪು ಸೀರೆಯನ್ನು ಹತ್ತಿರದಿಂದ ತೆಗೆದಾಗ ಅದು ಮಾಸಿದಂತೆ ಕಾಣುವುದೂ ಈ ಊಹೆ ಎಡವಿದಾಗ.

2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಈ ಊಹೆ ಊರಿಗೆ ಊರೇ ನೋಡುವಂತೆ ಎಡವಿತು. ಕಾಡ್ಗಿಚ್ಚಿನ ಹೊಗೆ ನಗರದ ಮೇಲೆ ಕವಿದು ಹಗಲಿನಲ್ಲೇ ಆಕಾಶ ಕಡುಕಿತ್ತಳೆಯಾಯಿತು. ಜನ ದಿಗಿಲುಗೊಂಡು ಫೋನ್ ಎತ್ತಿ ಚಿತ್ರ ತೆಗೆದರೆ, ಪರದೆಯ ಮೇಲೆ ಸಾಧಾರಣ ಮೋಡದ ದಿನದಂಥ ಮಂಕು ಬೂದು. ಲೋಕವೆಲ್ಲ ಕಿತ್ತಳೆಯಾಗಿದೆ ಎಂದರೆ ಬೆಳಕಿನದೇ ದೋಷವಿರಬೇಕು ಎಂದು ಫೋನು ಅದನ್ನು ಅಳಿಸಿಹಾಕಿತ್ತು. ವೈಟ್ ಬ್ಯಾಲೆನ್ಸನ್ನು ಕೈಯಾರೆ ಹಗಲು ಬೆಳಕಿಗೆ ಕಟ್ಟಿಹಾಕಿದವರಿಗೆ ಮಾತ್ರ ಕಣ್ಣು ಕಂಡದ್ದು ಚಿತ್ರದಲ್ಲಿ ಸಿಕ್ಕಿತು. ಆ ದಿನ ಬೆಳಕಿನ ಬಣ್ಣವೇ ಸುದ್ದಿಯಾಗಿತ್ತು. ವಸ್ತುವಿನ ಬಣ್ಣ ತಿಳಿಯಬೇಕಾದಾಗ ಕಳೆದುಹಾಕಬೇಕಾದ ಅಂಶ, ಹೊತ್ತಿನ ಬಣ್ಣ ತಿಳಿಯಬೇಕಾದಾಗ ಉಳಿಸಿಕೊಳ್ಳಬೇಕಾದ ಅಂಶವಾಗುತ್ತದೆ. ನಮಗೆ ಬೇಕಾದದ್ದು ಎರಡರಲ್ಲಿ ಯಾವುದು ಎಂದು ಕ್ಯಾಮೆರಾಗೆ ತಿಳಿಯುವುದಿಲ್ಲ.

ಮಂಗಳನ ಚಿತ್ರಗಳಲ್ಲೂ ಇದೇ ಇಬ್ಬಗೆ ಇಂದಿಗೂ ಇದೆ. ಕ್ಯೂರಿಯಾಸಿಟಿ ರೋವರ್ ಕಳಿಸುವ ಒಂದೇ ದೃಶ್ಯವನ್ನು ಎರಡು ರೀತಿಯಲ್ಲಿ ಪ್ರಕಟಿಸುವುದುಂಟು. ಒಂದು, ಅಲ್ಲಿ ನಿಂತಿದ್ದರೆ ಹೆಚ್ಚುಕಡಿಮೆ ಹೇಗೆ ಕಂಡೀತೋ ಹಾಗೆ, ಧೂಳಿನ ಹಳದಿ ಬೆಳಕಿನ ಸಮೇತ. ಇನ್ನೊಂದು, ಆ ಕಲ್ಲುಗಳ ಮೇಲೆ ಭೂಮಿಯ ಹಗಲು ಬೆಳಕು ಬಿದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ. ಎರಡನೆಯದು ಭೂವಿಜ್ಞಾನಿಗಳಿಗೆ ಬೇಕು. ಅವರ ಕಣ್ಣು ಪಳಗಿರುವುದು ಭೂಮಿಯ ಬಿಸಿಲಿನಲ್ಲಿ ಕಲ್ಲು ನೋಡಿ. 2013ರಲ್ಲಿ ಶಾರ್ಪ್ ಪರ್ವತದ ವಿಸ್ತಾರ ಚಿತ್ರ ಹೀಗೆ ಹೊರಬಂದಾಗ ಅದರಲ್ಲಿ ಆಕಾಶ ನೀಲಿಯಾಗಿಯೇ ಇತ್ತು. ಮೇಲ್ನೋಟಕ್ಕೆ 1976ರ ನೀಲಿ ಮರಳಿ ಬಂದಂತೆ. ಆದರೆ ಅಂದಿನದು ತಪ್ಪು ಲೆಕ್ಕದ ನೀಲಿ, ಇದು ತಿಳಿದು ಮಾಡಿದ ತಿದ್ದುಪಡಿಯ ಫಲ. ಕಲ್ಲು ಓದಲು ಸಿದ್ಧಮಾಡಿದ ಚಿತ್ರದಲ್ಲಿ ಕಲ್ಲನ್ನು ನಂಬಬೇಕು, ಆಕಾಶವನ್ನು ನಂಬಬಾರದು.

ಇನ್ನು ಹೊತ್ತಿನ ಮಾತು. ನಮ್ಮ ಗಾಳಿಯ ಕಣಗಳು ನೀಲಿ ಬೆಳಕನ್ನು ಕೆಂಪಿಗಿಂತ ಎಷ್ಟೋ ಹೆಚ್ಚಾಗಿ ಚದುರಿಸುತ್ತವೆ. ನೆತ್ತಿಯ ಮೇಲಿನ ಸೂರ್ಯನ ಬೆಳಕು ಗಾಳಿಯ ಹೊದಿಕೆಯನ್ನು ಅಡ್ಡದಾರಿಯಿಲ್ಲದೆ ದಾಟಿ ಬರುತ್ತದೆ. ದಿಗಂತದ ಸೂರ್ಯನ ಬೆಳಕು ಅದರ ಸುಮಾರು 38 ಪಟ್ಟು ಗಾಳಿಯನ್ನು ದಾಟಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಕಿತ್ತಳೆ ಉಳಿಯುತ್ತವೆ. ಹೀಗೆ ಚದುರಿದ ನೀಲಿಯೇ ಆಕಾಶವಾಗಿ ತುಂಬಿಕೊಂಡು ನೆರಳಿಗೆ ಬೆಳಕು ಕೊಡುತ್ತದೆ. ಆದ್ದರಿಂದ ತಿಳಿಯಾದ ಮುಂಜಾನೆ ಒಂದೇ ಕಲ್ಲಿನ ಒಂದು ಮಗ್ಗುಲು ಹೊನ್ನಾಗಿಯೂ ಇನ್ನೊಂದು ಮಗ್ಗುಲು ನೀಲಿಯಾಗಿಯೂ ಇರುತ್ತದೆ. ಮಂಗಳನಲ್ಲಿ ಇದು ತಿರುವುಮುರುವು. ಅಲ್ಲಿನ ಸಣ್ಣ ಧೂಳು ನೀಲಿ ಬೆಳಕನ್ನು ಸೂರ್ಯನ ದಿಕ್ಕಿಗೆ ಅಂಟಿಕೊಂಡಂತೆ ಮುಂದಕ್ಕೆ ಚದುರಿಸುವುದರಿಂದ, ಮುಳುಗುವ ಸೂರ್ಯನ ಸುತ್ತ ನೀಲಿ ಪ್ರಭೆ ಮೂಡುತ್ತದೆ. 2015ರ ಏಪ್ರಿಲ್‌ನಲ್ಲಿ ಕ್ಯೂರಿಯಾಸಿಟಿ ಅದನ್ನು ಬಣ್ಣದಲ್ಲಿ ಸೆರೆಹಿಡಿಯಿತು. ಹಗಲೆಲ್ಲ ಕೆಂಬಣ್ಣದ ಆಕಾಶ, ಸಂಜೆ ನೀಲಿ. ಒಂದೇ ಸೂರ್ಯ ಎರಡು ಲೋಕಗಳಲ್ಲಿ ಎರಡು ಬಗೆಯಾಗಿ ಮುಳುಗುತ್ತಾನೆ ಎಂಬುದನ್ನು ಎಷ್ಟು ಸಲ ನೆನೆದರೂ ನನ್ನ ಬೆರಗು ಕಡಿಮೆಯಾಗುವುದಿಲ್ಲ.

ಮಂಗಳನಿಂದ ಈಗ ಹಂಪಿಗೆ ಬರೋಣ. ಮಾತಂಗ ಬೆಟ್ಟದ ಮೇಲಿಂದ ಮುಂಜಾನೆ ಪಶ್ಚಿಮಕ್ಕೆ ನೋಡಿ ತೆಗೆದ ವಿರೂಪಾಕ್ಷ ಗೋಪುರದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಸೂರ್ಯ ಮೂಡುವ ಮೊದಲು ತೆಗೆದದ್ದರಲ್ಲಿ ಗೋಪುರ ತಣ್ಣನೆಯ ನೀಲಿಬೂದು. ಮೂಡಿದ ಕೂಡಲೇ ತೆಗೆದದ್ದರಲ್ಲಿ ಹೊನ್ನು. ಬಿಸಿಲೇರಿದ ಮೇಲೆ ತೆಗೆದದ್ದರಲ್ಲಿ ಕೆನೆಬಿಳಿ. ಮೂರೂ ನಿಜ. ಗೋಪುರದ ಗಾರೆಯಂತೂ ಬದಲಾಗಿಲ್ಲ. ಹೊನ್ನಿನ ಚಿತ್ರವೊಂದನ್ನೇ ನೋಡಿ ಗಾರೆಯ ಬಣ್ಣವನ್ನೂ ಸುತ್ತಲಿನ ಬಂಡೆಗಳ ಬಣ್ಣವನ್ನೂ ತಿಳಿಯಬೇಕಾಗಿದೆ ಎಂದುಕೊಳ್ಳಿ. ಇಲ್ಲಿ ಯಾರೂ ಪರೀಕ್ಷಾ ಫಲಕ ಇಟ್ಟಿಲ್ಲ. ಚಿತ್ರದೊಳಗೇ ಒಂದನ್ನು ಹುಡುಕಬೇಕು.

ಮುಂದಿನ ಬಂಡೆಯ ಮೇಲೆ ಬಿಳಿ ಪಂಚೆಯುಟ್ಟ ಒಬ್ಬರು ನಿಂತಿದ್ದಾರೆ, ಅದೇ ಬಿಸಿಲು ಅವರ ಮೇಲೂ ನೇರವಾಗಿ ಬಿದ್ದಿದೆ ಎನ್ನೋಣ. ಕ್ಯಾಮೆರಾದ ಕಚ್ಚಾ ಅಳತೆಯಲ್ಲಿ ಆ ಬಿಳಿ ಬಟ್ಟೆ ಕೆಂಪು 210, ಹಸಿರು 170, ನೀಲಿ 110 ಎಂದು ಬಂದಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಬಿಳಿಗೆ ಮೂರೂ ಸಮವಾಗಬೇಕು. ಹಾಗಾಗಲು ಕೆಂಪನ್ನು 0.81ರಿಂದಲೂ ನೀಲಿಯನ್ನು 1.55ರಷ್ಟರಿಂದಲೂ ಗುಣಿಸಬೇಕು. ಈಗ ಪಕ್ಕದ ಎರಡು ಬಂಡೆಗಳನ್ನು ನೋಡಿ. ಚಿತ್ರದಲ್ಲಿ ಎರಡೂ ಹೊನ್ನುಗಂದು. ಮೊದಲನೆಯದರ ಅಳತೆ 105, 85, 55. ಗುಣಿಸಿದರೆ ಮೂರೂ 85ರ ಆಸುಪಾಸಿಗೆ ಬರುತ್ತವೆ. ಅಂದರೆ ಅದು ಅಪ್ಪಟ ಬೂದು ಕಲ್ಲು, ಹೊನ್ನೆಲ್ಲ ಸೂರ್ಯನದು. ಎರಡನೆಯದರ ಅಳತೆ 120, 85, 50. ಗುಣಿಸಿದರೆ 97, 85, 77 ಬರುತ್ತದೆ. ಬಿಸಿಲಿನ ಪಾಲನ್ನು ಕಳೆದ ಮೇಲೂ ಕೆಂಪು ಉಳಿಯಿತು. ಈ ಕಲ್ಲಿಗೆ ತನ್ನದೇ ಆದ ನಸುಗೆಂಪು ಇದೆ. ಕಣ್ಣಿಗೆ ಒಂದೇ ತೆರನಾಗಿ ಕಂಡ ಎರಡು ಬಂಡೆಗಳು ಒಂದು ಬಿಳಿ ಬಟ್ಟೆಯಿಂದ ಬೇರೆಯಾದವು.

ಪ್ರತಿ ಚಿತ್ರಕ್ಕೂ ಹೀಗೆ ಸಂಖ್ಯೆ ಹಾಕುತ್ತ ಕೂರಬೇಕಾಗಿಲ್ಲ. ಮೊದಲು ಬಿಳಿ ಅಥವಾ ಬೂದು ಎಂದು ನಮಗೆ ಮೊದಲೇ ಗೊತ್ತಿರುವ ವಸ್ತುವನ್ನು ಹುಡುಕುವುದು: ಸುಣ್ಣದ ಗೋಡೆ, ಹಾಲು, ವಿಭೂತಿ, ಬಿಳಿ ಬಟ್ಟೆ, ಸಿಮೆಂಟು, ಹಳೆಯ ಡಾಂಬರು ರಸ್ತೆ. ಆಮೇಲೆ ನಮಗೆ ಬೇಕಾದ ವಸ್ತು ಅದಕ್ಕೆ ಹೋಲಿಸಿದರೆ ಯಾವ ಕಡೆಗೆ ವಾಲಿದೆ ಎಂದು ನೋಡುವುದು. ಕಡ್ಡಾಯವಾದ ಷರತ್ತು ಒಂದೇ, ಎರಡರ ಮೇಲೂ ಒಂದೇ ಬೆಳಕು ಬಿದ್ದಿರಬೇಕು. ಬಿಸಿಲಿನಲ್ಲಿರುವ ಪಂಚೆಯ ಲೆಕ್ಕವನ್ನು ನೆರಳಿನಲ್ಲಿರುವ ಬಂಡೆಗೆ ಹಚ್ಚಿದರೆ ಬಂಡೆ ಇಲ್ಲದ ನೀಲಿಯನ್ನು ಪಡೆಯುತ್ತದೆ. ನೆರಳಿಗೆ ಬೆಳಕು ಕೊಡುತ್ತಿರುವುದು ಆಕಾಶ, ಸೂರ್ಯನಲ್ಲ.

ಆದ್ದರಿಂದ ನೆರಳು ಬಹಳ ಮುಖ್ಯವಾದ ಸುಳಿವು. 2004ರಲ್ಲಿ ಮಂಗಳ ತಲುಪಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳ ಮೇಲೆ ಇದ್ದ ಪರೀಕ್ಷಾ ಫಲಕ ನೆರಳು ಗಡಿಯಾರದ ಆಕಾರದಲ್ಲಿತ್ತು. ಸುತ್ತ ಬೂದು ಬಳೆಗಳು, ಮೂಲೆಗಳಲ್ಲಿ ಬಣ್ಣದ ಚೌಕಗಳು, ನಡುವೆ ಒಂದು ಕಂಬ. ಕಂಬದ ನೆರಳು ಬೂದು ಬಳೆಯ ಮೇಲೆ ಬಿದ್ದ ಜಾಗ ಆಕಾಶದ ಬೆಳಕಿನ ಬಣ್ಣವನ್ನೂ, ಬಿಸಿಲು ಬಿದ್ದ ಜಾಗ ಸೂರ್ಯ ಮತ್ತು ಆಕಾಶ ಕೂಡಿದ ಬೆಳಕಿನ ಬಣ್ಣವನ್ನೂ ಹೇಳುತ್ತಿದ್ದವು. ಒಂದು ಸಣ್ಣ ಕಂಬ ಒಂದು ಗ್ರಹದ ಬೆಳಕನ್ನು ಎರಡಾಗಿ ಬಿಡಿಸಿ ತೋರಿಸಿತು. ಹಂಪಿಯ ಚಿತ್ರದಲ್ಲೂ ಇದನ್ನೇ ನೋಡಬಹುದು. ಬಿಸಿಲು ಬಿದ್ದ ಕಡೆ ಹೊನ್ನಾಗಿದ್ದು ನೆರಳು ತಣ್ಣಗೆ ನೀಲಿಗೆ ವಾಲಿದ್ದರೆ ಆ ಹೊನ್ನು ಹೊತ್ತಿನದೇ ಇರಬೇಕು. ಬಿಸಿಲೂ ನೆರಳೂ ಒಂದೇ ಸಮನೆ ಹೊನ್ನಾಗಿದ್ದರೆ ಚಿತ್ರಕ್ಕೆ ಆಮೇಲೆ ಯಾರೋ ಬಣ್ಣ ಹಚ್ಚಿರಬಹುದು ಎಂದು ಅನುಮಾನಪಡಬೇಕು. ಸಂಜೆಯ ಕಾವಿ ಮೋಡವೋ ಎದುರಿನ ಕೆಂಪು ಗೋಡೆಯೋ ನೆರಳಿಗೂ ತನ್ನ ಬಣ್ಣ ಚೆಲ್ಲುವುದುಂಟು, ಆದ್ದರಿಂದ ಇದನ್ನು ಅನುಮಾನವೆಂದೇ ಇಟ್ಟುಕೊಳ್ಳಬೇಕು, ತೀರ್ಪೆನ್ನಬಾರದು.

ಇದಕ್ಕಿಂತ ಗಟ್ಟಿಯಾದ ಸುಳಿವು ಕಪ್ಪಿನಲ್ಲಿದೆ. ಬೆಳಕಿನ ಬಣ್ಣ ವಸ್ತುವನ್ನು ಗುಣಿಸುತ್ತದೆ ಎಂದೆನಲ್ಲ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಮುಂಜಾನೆಯ ಬೆಳಕು ಎಷ್ಟೇ ಕಿತ್ತಳೆಯಿದ್ದರೂ ಹತ್ತಿರದ ಬಂಡೆಯ ಬಿರುಕಿನೊಳಗಿನ ಕತ್ತಲು ಕತ್ತಲಾಗಿಯೇ ಇರುತ್ತದೆ. ಫೋನಿನಲ್ಲಿ ಹಾಕುವ ಎಷ್ಟೋ ಫಿಲ್ಟರುಗಳು ಗುಣಿಸುವುದರ ಜೊತೆಗೆ ಕೂಡಿಸುತ್ತವೆ. ಹಳೆಯ ಫೋಟೊದಂತೆ ಮಾಸಲಾಗಿಸಲು ಚಿತ್ರದ ಮೇಲೆಲ್ಲ ತೆಳುವಾಗಿ ಒಂದು ಬಣ್ಣ ಹರಡುತ್ತವೆ. ಆಗ ಕಪ್ಪು ಕಪ್ಪಾಗಿ ಉಳಿಯದೆ ನೀಲಿಹಸಿರೋ ಕಂದೋ ಆಗುತ್ತದೆ. ಕಪ್ಪು ಕೂದಲು, ಟೈರು, ಬಾಗಿಲ ಸಂದಿಯ ಕತ್ತಲು ಇವುಗಳಿಗೆಲ್ಲ ಒಂದೇ ಬಣ್ಣದ ಛಾಯೆ ಬಂದಿದ್ದರೆ ಫಿಲ್ಟರಿನ ಕೈವಾಡ ಬಹುಮಟ್ಟಿಗೆ ಖಚಿತ. ದೂರದ ಬೆಟ್ಟಗಳ ಕಪ್ಪನ್ನು ಮಾತ್ರ ಈ ಪರೀಕ್ಷೆಗೆ ತರಬಾರದು. ನಡುವಿನ ಗಾಳಿಯೂ ಮಂಜೂ ಅಲ್ಲಿ ತಮ್ಮ ನೀಲಿಯನ್ನು ನಿಜವಾಗಿಯೇ ಕೂಡಿಸಿರುತ್ತವೆ.

ಬಣ್ಣವನ್ನು ಗಾಢಮಾಡುವ ಫಿಲ್ಟರಿನ ಗುರುತು ಬೇರೆ. ಬೆಂಗಳೂರಿನಲ್ಲಿ ವರ್ಷದ ಆರಂಭದ ತಿಂಗಳುಗಳಲ್ಲಿ ಟಬೂಬಿಯಾ ಮರಗಳು ಎಲೆ ಉದುರಿಸಿ ಗುಲಾಬಿ ಹೂ ತುಂಬಿಕೊಂಡು ನಿಂತಾಗ ಅವುಗಳ ಚಿತ್ರಗಳು ಊರೆಲ್ಲ ಹರಿದಾಡುತ್ತವೆ. ಎಷ್ಟೋ ಚಿತ್ರಗಳಲ್ಲಿ ಮರ ಕುಂಕುಮಕ್ಕೆ ಹತ್ತಿರವಾಗಿರುತ್ತದೆ. ಹೂವನ್ನು ಬಿಟ್ಟು ಹೂವಿನ ಒಳಗಿನ ಭೇದಗಳನ್ನು ನೋಡಿ. ನಿಜವಾದ ಗೊಂಚಲಲ್ಲಿ ಅಂಚಿನ ತಿಳಿಗುಲಾಬಿ, ಕೊರಳಿನ ಹಳದಿ, ದಳಗಳ ನಡುವಿನ ನೆರಳು ಬೇರೆ ಬೇರೆಯಾಗಿ ಕಾಣಬೇಕು. ಬಣ್ಣವನ್ನು ಮಿತಿಮೀರಿ ಏರಿಸಿದಾಗ ಕೆಂಪಿನ ಸಂಖ್ಯೆ ತನ್ನ ತುತ್ತತುದಿ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ, ಈ ಭೇದಗಳೆಲ್ಲ ಕರಗಿ ಒಂದೇ ಬಣ್ಣದ ತೇಪೆಯಾಗುತ್ತದೆ. ಹೀಗೆ ತುದಿ ಮುಟ್ಟಿದ ಸಂಖ್ಯೆಯಿಂದ ಮೂಲ ಬಣ್ಣವನ್ನು ಮರಳಿ ಪಡೆಯಲು ಯಾವ ಲೆಕ್ಕಕ್ಕೂ ಆಗದು. ಅಂಥ ಚಿತ್ರದ ಬಣ್ಣದ ಬಗ್ಗೆ ವಾದಿಸುವುದು ವ್ಯರ್ಥ.

ಹಾಗೆಂದು ಫಿಲ್ಟರನ್ನೇ ದೂರುವುದು ಅನ್ಯಾಯ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಸಮುದ್ರವನ್ನು ನಿಕೊಲ್ ಪಟ್ಟಕದ ಮೂಲಕ ನೋಡಿದರು. ಸಮುದ್ರದ ನೀಲಿ ಬರಿಯ ಆಕಾಶದ ಪ್ರತಿಬಿಂಬ ಎಂದು ರ್‍ಯಾಲೆಯಂಥ ದೊಡ್ಡವರು ಹೇಳಿದ್ದ ಕಾಲ. ಪಟ್ಟಕವನ್ನು ತಕ್ಕ ಕೋನದಲ್ಲಿ ಹಿಡಿದಾಗ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ತಡೆಯಲ್ಪಟ್ಟಿತು. ಆಗಲೂ ಸಮುದ್ರ ನೀಲಿಯಾಗಿಯೇ ಉಳಿಯಿತು, ಇನ್ನೂ ಚೆನ್ನಾಗಿ ಕಂಡಿತು. ನೀಲಿ ನೀರಿನೊಳಗಿಂದಲೇ ಬರುತ್ತಿದೆ ಎಂಬ ಆ ಕಾಣ್ಕೆ ಅವರನ್ನು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ ಇನ್ನಷ್ಟು ಆಳವಾಗಿ ಒಯ್ದಿತು. ಏನನ್ನು ತಡೆಯುತ್ತಿದ್ದೇನೆ ಎಂದು ತಿಳಿದು ಹಾಕಿದ ಫಿಲ್ಟರು ಸತ್ಯದ ಕಡೆಗೇ ಕೊಂಡೊಯ್ಯುತ್ತದೆ. ಏನು ಮಾಡಿತೆಂದು ತಿಳಿಯದ ಫಿಲ್ಟರಿನಿಂದ ತೊಂದರೆ.

ಎಲ್ಲ ಎಚ್ಚರಿಕೆಯ ನಂತರವೂ ಕೆಲವು ಬಣ್ಣಗಳನ್ನು ಫೋಟೊದಲ್ಲಿ ನಂಬಲಾಗದು. ನೀರಿನ ಬಣ್ಣವನ್ನು ನಂಬಲಾಗದು, ಅದರ ಮೇಲೆ ಆಕಾಶವೂ ದಡವೂ ಕೂತಿರುತ್ತವೆ. ಮನುಷ್ಯರ ಮೈಬಣ್ಣವನ್ನಂತೂ ನಂಬಲೇಬಾರದು. ಫೋನುಗಳು ಮುಖವನ್ನು ಗುರುತಿಸಿ ತಮಗೆ ತೋಚಿದಂತೆ ಅದನ್ನು ತಿದ್ದುವುದುಂಟು. ಅಂಗಡಿಯ ದೀಪದ ಕೆಳಗೆ ತೆಗೆದ ಬಟ್ಟೆಯ ಚಿತ್ರದಲ್ಲಿ ಇನ್ನೊಂದು ತೊಡಕಿದೆ. ಅಗ್ಗದ ಎಲ್‌ಇಡಿಯ ಬೆಳಕು ಬಿಳಿಯಾಗಿ ಕಂಡರೂ ಅದರಲ್ಲಿ ಕೆಲವು ಬಣ್ಣಗಳು, ಮುಖ್ಯವಾಗಿ ಕಡುಕೆಂಪು, ಬಹಳ ಕಡಿಮೆ ಇರುತ್ತವೆ. ಆ ಬೆಳಕಿನಲ್ಲಿ ಒಂದೇ ಬಣ್ಣವೆಂದು ತೋರಿದ ಸೀರೆ ಮತ್ತು ರವಿಕೆ ಬಿಸಿಲಿಗೆ ಬಂದಾಗ ಬೇರೆಬೇರೆಯಾಗುತ್ತವೆ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ವೈಟ್ ಬ್ಯಾಲೆನ್ಸೂ ತಂದುಕೊಡದು.

ಸಾಕ್ಷಿಯೇ ಬದಲಾಗುವುದೂ ಉಂಟು. ಮಂಗಳನ ರೋವರ್‌ಗಳ ಫಲಕಗಳ ಮೇಲೆ ದಿನ ಕಳೆದಂತೆ ಕೆಂಪು ಧೂಳು ಕೂತಿತು, ಬೂದು ಬಳೆಗಳು ಕೆಂಪೇರಿದವು. ವಿಜ್ಞಾನಿಗಳು ಧೂಳಿನ ಪದರಕ್ಕೂ ಲೆಕ್ಕ ಕಟ್ಟಬೇಕಾಯಿತು. 2021ರಲ್ಲಿ ಇಳಿದ ಪರ್ಸಿವರೆನ್ಸ್‌ನ ಫಲಕದಲ್ಲಿ ಚೌಕಗಳ ಕೆಳಗೆ ಅಯಸ್ಕಾಂತದ ಉಂಗುರಗಳನ್ನಿಟ್ಟಿದ್ದಾರೆ. ಮಂಗಳನ ಧೂಳು ಅಯಸ್ಕಾಂತಕ್ಕೆ ಅಂಟುವುದರಿಂದ ಅದು ಉಂಗುರದ ಕಡೆಗೆ ಸೆಳೆಯಲ್ಪಟ್ಟು ನಡುವಿನ ಭಾಗ ಹೆಚ್ಚು ಶುಭ್ರವಾಗಿ ಉಳಿಯುತ್ತದೆ. ನಮ್ಮ ಚಿತ್ರಗಳಲ್ಲಿ ಬಿಳಿಯೆಂದು ನಾವು ನಂಬುವ ಗೋಡೆಯೂ ಹೊಗೆಗೆ ಹಳದಿಯಾಗಿರಬಹುದು, ಪಂಚೆಗೆ ನೀಲಿ ಹಾಕಿ ಒಗೆದಿರಬಹುದು. ಒಂದು ಸಾಕ್ಷಿ ಸಾಲದು. ಎರಡು ಮೂರು ಬಿಳಿ, ಬೂದು ವಸ್ತುಗಳು ಒಂದೇ ಮಾತು ಹೇಳಿದರೆ ನಂಬಿಕೆ ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಯೋಚಿಸಿದ ಮೇಲೆ ಬಣ್ಣ ಭ್ರಮೆ ಎಂಬ ತೀರ್ಮಾನಕ್ಕೆ ನಾನು ಬರಲಾರೆ. ಅಷ್ಟು ದೂರದ ಗ್ರಹದ ಆಕಾಶ ನಸುಗೆಂಪು ಎಂದು ಕೆಲವು ಬೂದು ಚೌಕಗಳ ಬಲದಿಂದ ಹೇಳಲು ಸಾಧ್ಯವಾಯಿತೆಂದರೆ, ಬಣ್ಣವನ್ನು ತಿಳಿಯಬಹುದು ಎಂದೇ ಅರ್ಥ. ಆದರೆ ಅದನ್ನು ಒಂಟಿಯಾಗಿ ತಿಳಿಯಲಾಗದು. ಯಾವ ಬೆಳಕಿನಲ್ಲಿ, ಯಾವುದರ ಪಕ್ಕದಲ್ಲಿ ಎಂದು ಕೇಳಿಯೇ ತಿಳಿಯಬೇಕು.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಬಣ್ಣವೇ ಮುಖ್ಯವಾದ ಚಿತ್ರ ತೆಗೆಯುವಾಗ, ಅದು ಕೃಷಿ ತಜ್ಞರಿಗೆ ಕಳಿಸುವ ಹಳದಿಗಟ್ಟಿದ ಅಡಿಕೆ ಸೋಗೆಯಿರಲಿ, ವೈದ್ಯರಿಗೆ ತೋರಿಸುವ ಚರ್ಮದ ಗಾಯವಿರಲಿ, ಊರಿನಲ್ಲಿರುವ ಅಕ್ಕನಿಗೆ ಕಳಿಸುವ ಸೀರೆಯಿರಲಿ, ಫಿಲ್ಟರು ತೆಗೆದುಹಾಕಿ. ದೀಪ ಆರಿಸಿ ಕಿಟಕಿಯ ಹಗಲು ಬೆಳಕಿಗೆ ಬನ್ನಿ. ಅದೇ ಬೆಳಕಿನಲ್ಲಿ, ಪಕ್ಕದಲ್ಲೇ ಒಂದು ಬಿಳಿ ಕಾಗದವನ್ನಿಟ್ಟು ತೆಗೆಯಿರಿ. ತೀರಾ ಬೆಳ್ಳಗೆ ಮಾಡಿದ ಕಾಗದ ಸ್ವಲ್ಪ ನೀಲಿಗೆ ವಾಲುವುದರಿಂದ ಫೋಟೊ ಅಂಗಡಿಯ ಬೂದು ಕಾರ್ಡು ಸಿಕ್ಕರೆ ಇನ್ನೂ ಒಳ್ಳೆಯದು. ಬೇರೆಯವರು ತೆಗೆದ ಚಿತ್ರ ನೋಡುವಾಗ ಮೊದಲು ಬಿಳಿ ಎಲ್ಲಿದೆ, ನೆರಳು ಯಾವ ಬಣ್ಣ, ಕಪ್ಪು ಕಪ್ಪಾಗಿದೆಯೇ ಎಂದು ನೋಡಿ. ಮೂರಕ್ಕೂ ಉತ್ತರ ಸಿಗದಿದ್ದರೆ ಆ ಚಿತ್ರದ ಆಕಾರವನ್ನು ನಂಬಿ, ಬಣ್ಣದ ಬಗ್ಗೆ ತೀರ್ಪು ಕೊಡಬೇಡಿ.